ಗ್ರಾಫೈಟಿನ ಮೆಟ್ಟಿಲುಗಳು

ಲಿಥಿಯಮ್ ಅಯಾನು ವಿದ್ಯುತ್ಕೋಶಗಳ ಋಣಧ್ರುವವನ್ನು ಬಹುಮಟ್ಟಿಗೆ ಗ್ರಾಫೈಟಿನಿಂದ ತಯಾರಿಸುತ್ತಾರೆ. ಪೆನ್ಸಿಲಿನ ಕಡ್ಡಿಯಲ್ಲಿ ಜೇಡಿಮಣ್ಣಿನೊಡನೆ ಬೆರೆತಿರುವ ವಸ್ತುವೇ ಇದು. ಕೋಶವನ್ನು ಚಾರ್ಜು ಮಾಡುವಾಗ ಧನಧ್ರುವವನ್ನು ಬಿಟ್ಟು ಹೊರಟ ಲಿಥಿಯಮ್ ಅಯಾನುಗಳು ನಡುವಣ ವಿದ್ಯುದ್ವಿಭಾಜ್ಯ ದ್ರವವನ್ನು ದಾಟಿ ಬಂದು ಗ್ರಾಫೈಟಿನೊಳಗೆ ಸೇರುತ್ತವೆ. ಅವುಗಳಿಗೆ ಜೊತೆಯಾಗಬೇಕಾದ ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕ ಬಂದು ಸೇರುತ್ತವೆ. ಕೊಡವನ್ನು ತುಂಬುವಾಗ ನೀರಿನ ಮಟ್ಟವು ಒಂದೇ ಸಮನೆ ಏರುವಂತೆ, ಲಿಥಿಯಮ್ ತುಂಬಿದಷ್ಟೂ ಗ್ರಾಫೈಟಿನ ವಿಭವವೂ ಒಂದೇ ಸಮನೆ ಬದಲಾಗಬೇಕೆಂದು ನಾವು ಎಣಿಸಬಹುದು. ಆದರೆ ಅಳೆದು ನೋಡಿದರೆ ಹಾಗೆ ಕಂಡುಬರುವುದಿಲ್ಲ. ವಿಭವವು ಸ್ವಲ್ಪ ಇಳಿದು, ಬಹಳ ಹೊತ್ತು ಅಲ್ಲಿಯೇ ನಿಂತು, ಥಟ್ಟನೆ ಮತ್ತಷ್ಟು ಇಳಿದು, ಪುನಃ ನಿಲ್ಲುತ್ತದೆ. ಕಾಗದದ ಮೇಲೆ ಬರೆದರೆ ಇಳಿಯುವ ಮೆಟ್ಟಿಲುಗಳ ಚಿತ್ರವೇ ಮೂಡುತ್ತದೆ. ಈ ಮೆಟ್ಟಿಲುಗಳು ಏಕೆ ಉಂಟಾಗುತ್ತವೆ, ಕಣ್ಣಿಗೆ ಕಾಣದ ಪರಮಾಣುಗಳ ಜೋಡಣೆಯ ವಿಷಯವಾಗಿ ಅವು ನಮಗೆ ಏನನ್ನು ತಿಳಿಸುತ್ತವೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಪ್ರಯೋಗವನ್ನು ಮನಸ್ಸಿಗೆ ತಂದುಕೊಳ್ಳಬೇಕು. ತಾಮ್ರದ ತೆಳು ಹಾಳೆಯ ಮೇಲೆ ಗ್ರಾಫೈಟಿನ ಪುಡಿಯನ್ನು ಲೇಪಿಸಿ ಒಂದು ಧ್ರುವವನ್ನು ಮಾಡುತ್ತಾರೆ. ಅದರ ಎದುರಿಗೆ ಶುದ್ಧ ಲಿಥಿಯಮ್ ಲೋಹದ ತಗಡನ್ನು ಇಟ್ಟು, ನಡುವೆ ವಿದ್ಯುದ್ವಿಭಾಜ್ಯದಲ್ಲಿ ತೊಯ್ದ ರಂಧ್ರಮಯವಾದ ಹಾಳೆಯೊಂದನ್ನು ಇಡುತ್ತಾರೆ. ಇಂತಹ ಕೋಶದಲ್ಲಿ ಎಲ್ಲ ವಿಭವಗಳನ್ನೂ ಲಿಥಿಯಮ್ ಲೋಹಕ್ಕೆ ಹೋಲಿಸಿ ಅಳೆಯುವುದರಿಂದ ಲೋಹದ ವಿಭವವನ್ನು ಸೊನ್ನೆ ಎಂದು ಇಟ್ಟುಕೊಳ್ಳುವುದು ವಾಡಿಕೆ. ನಾವು ಸಹ ಹಾಗೆಯೇ ಮಾಡುತ್ತೇವೆ. ಬರಿಯ ಗ್ರಾಫೈಟಿನ ವಿಭವ ಆರಂಭದಲ್ಲಿ ಎತ್ತರದಲ್ಲಿರುತ್ತದೆ. ಲಿಥಿಯಮ್ ತುಂಬುತ್ತ ಬಂದಂತೆ ಅದು ಸೊನ್ನೆಯ ಕಡೆಗೆ ಇಳಿಯುತ್ತದೆ.

ಗ್ರಾಫೈಟು ಸಂಪೂರ್ಣವಾಗಿ ತುಂಬಿದಾಗ ಆರು ಇಂಗಾಲ ಪರಮಾಣುಗಳಿಗೆ ಒಂದು ಲಿಥಿಯಮ್ ಪರಮಾಣು ಸೇರಿರುತ್ತದೆ. ಈ ಸಂಯುಕ್ತದ ಸೂತ್ರ LiC₆. ಆರು ಮೋಲ್ ಇಂಗಾಲದ ತೂಕ 72 ಗ್ರಾಮ್. ಒಂದು ಮೋಲ್ ಲಿಥಿಯಮ್ ಹೊತ್ತು ತರುವ ವಿದ್ಯುತ್ತು 26.8 ಆಂಪಿಯರ್-ಗಂಟೆ. ಭಾಗಿಸಿದರೆ, ಒಂದು ಗ್ರಾಮ್ ಗ್ರಾಫೈಟಿಗೆ ಸುಮಾರು 372 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುತ್ತು ಹಿಡಿಸುತ್ತದೆಂದು ತಿಳಿಯುತ್ತದೆ. ಪ್ರಯೋಗಶಾಲೆಯಲ್ಲಿ ಕೆಲವೇ ಮಿಲಿಗ್ರಾಮುಗಳಷ್ಟು ಗ್ರಾಫೈಟನ್ನು ಬಳಸುವರಾದರೂ ಲೆಕ್ಕದ ಅನುಕೂಲಕ್ಕಾಗಿ ನಾವು ಒಂದು ಗ್ರಾಮನ್ನೇ ತೆಗೆದುಕೊಂಡು, 37.2 ಮಿಲಿಆಂಪಿಯರ್ ಪ್ರವಾಹವನ್ನು ಹರಿಸುತ್ತೇವೆಂದು ಭಾವಿಸೋಣ. ಹಾಗಾದರೆ ಸರಿಯಾಗಿ ಹತ್ತು ಗಂಟೆಗಳಲ್ಲಿ ಅದು ತುಂಬಬೇಕು. ಗಡಿಯಾರದ ಪ್ರತಿಯೊಂದು ಗಂಟೆಯೂ ಹತ್ತನೆಯ ಒಂದು ಪಾಲು ಲಿಥಿಯಮ್ ಒಳಸೇರಿದುದಕ್ಕೆ ಗುರುತಾಗುತ್ತದೆ.

ಮೊದಲು ವಿಭವವು ಬೇಗ ಬೇಗ ಇಳಿಯುತ್ತದೆ. 0.21 ವೋಲ್ಟಿನ ಸಮೀಪಕ್ಕೆ ಬಂದಾಗ ಚಿಕ್ಕದೊಂದು ಮೆಟ್ಟಿಲು ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಸ್ವಲ್ಪ ದೂರ ಇಳಿಜಾರಾಗಿದ್ದು, ಮೂರು ಗಂಟೆಯ ಸುಮಾರಿನ ವೇಳೆಗೆ ವಿಭವವು 0.12 ವೋಲ್ಟಿನಲ್ಲಿ ನಿಂತಿರುವುದನ್ನು ಕಾಣುತ್ತೇವೆ. ಐದನೆಯ ಗಂಟೆ ಮುಗಿಯುವಾಗ ಮತ್ತೊಂದು ಇಳಿತ ಬರುತ್ತದೆ. ಆಮೇಲೆ 0.085 ವೋಲ್ಟಿನಲ್ಲಿ ಎಲ್ಲಕ್ಕಿಂತಲೂ ಉದ್ದನೆಯ ಮೆಟ್ಟಿಲು ಮೊದಲಾಗಿ, ಹತ್ತನೆಯ ಗಂಟೆಯ ಸಮೀಪದವರೆಗೂ ಹಾಗೆಯೇ ನಡೆಯುತ್ತದೆ. ಕಡೆಗೆ ವಿಭವವು ಸೊನ್ನೆಯತ್ತ ಕುಸಿಯುತ್ತದೆ. ಇಳಿತವು ಸರಿಯಾಗಿ ಅರ್ಧ ದಾರಿಯಲ್ಲಿ, ಅಂದರೆ LiC₁₂ ಎಂಬ ಸೂತ್ರಕ್ಕೆ ಹೊಂದುವ ಜಾಗದಲ್ಲಿ ಬಂದುದನ್ನು ವಾಚಕರು ಗಮನಿಸಬೇಕು. ಇದು ಆಕಸ್ಮಿಕವಲ್ಲ.

ಈಗ ವಿಭವವೆಂದರೆ ಏನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಲಿಥಿಯಮ್ ಪರಮಾಣುವೊಂದು ತನ್ನ ಲೋಹದಲ್ಲಿ ಇರುವುದಕ್ಕಿಂತ ಗ್ರಾಫೈಟಿನಲ್ಲಿ ಇರುವುದು ಎಷ್ಟು ಲಾಭಕರವೋ ಅಷ್ಟನ್ನು ವಿಭವವು ಅಳೆಯುತ್ತದೆ. 0.12 ವೋಲ್ಟು ಎಂದರೆ, ಈಗ ಬರುತ್ತಿರುವ ಪ್ರತಿಯೊಂದು ಲಿಥಿಯಮ್ ಪರಮಾಣುವೂ ಲೋಹವನ್ನು ಬಿಟ್ಟು ಗ್ರಾಫೈಟಿಗೆ ಬರುವುದರಿಂದ 0.12 ಎಲೆಕ್ಟ್ರಾನ್-ವೋಲ್ಟಿನಷ್ಟು ಶಕ್ತಿಯನ್ನು ಬಿಟ್ಟುಕೊಡುತ್ತದೆ ಎಂದರ್ಥ. ಹಿಂದೆ ಬಂದ ಪರಮಾಣುಗಳ ಲೆಕ್ಕ ಇದರಲ್ಲಿ ಸೇರಿಲ್ಲ. ಇದು ಈಗ ಒಳಗೆ ಬರುವ ಪರಮಾಣುವಿನ ಲೆಕ್ಕ ಮಾತ್ರ. ಆದುದರಿಂದ ವಿಭವವು ಬದಲಾಗದೆ ನಿಂತಿದೆಯೆಂದರೆ, ಬರುತ್ತಿರುವ ಸಾವಿರನೆಯ ಪರಮಾಣುವಿಗೂ ಹತ್ತು ಸಾವಿರನೆಯ ಪರಮಾಣುವಿಗೂ ದೊರೆಯುವ ಸ್ಥಾನ ಒಂದೇ ಬಗೆಯದಾಗಿದೆ ಎಂದು ಹೇಳಬೇಕಾಗುತ್ತದೆ. ತುಂಬುತ್ತಿರುವ ಮನೆಯಲ್ಲಿ ಇದು ವಿಚಿತ್ರವಲ್ಲವೆ? ಜನ ಹೆಚ್ಚಿದಂತೆ ಇಕ್ಕಟ್ಟು ಹೆಚ್ಚಬೇಕಾಗಿತ್ತು.

ಇದಕ್ಕೆ ಸಮಾಧಾನವು ನಾವು ಚೆನ್ನಾಗಿ ಬಲ್ಲ ಮತ್ತೊಂದು ಪ್ರಯೋಗದಲ್ಲಿದೆ. ಮಂಜುಗಡ್ಡೆಯನ್ನು ಪಾತ್ರೆಯಲ್ಲಿಟ್ಟು ಕಾಸಿದರೆ ಅದೆಲ್ಲವೂ ಕರಗಿ ಮುಗಿಯುವವರೆಗೆ ಉಷ್ಣತೆಯು 0 ಡಿಗ್ರಿಯಲ್ಲಿಯೇ ನಿಲ್ಲುತ್ತದೆ. ಒಲೆಯ ಶಾಖವು ಮಂಜನ್ನು ನೀರಾಗಿ ಮಾರ್ಪಡಿಸುವುದರಲ್ಲಿ ವ್ಯಯವಾಗುತ್ತದೆ. ಪಾತ್ರೆಯಲ್ಲಿ ಮಂಜು ಮತ್ತು ನೀರು ಎಂಬ ಎರಡು ಪ್ರಾವಸ್ಥೆಗಳು ಒಟ್ಟಿಗೆ ಇರುವವರೆಗೂ ಒಂದರ ಪ್ರಮಾಣ ಇಳಿದು ಇನ್ನೊಂದರ ಪ್ರಮಾಣ ಏರುವುದೇ ಹೊರತು ಅವುಗಳ ಗುಣಗಳು ಬದಲಾಗುವುದಿಲ್ಲ. ಗ್ರಾಫೈಟಿನಲ್ಲಿಯೂ ಹೀಗೆಯೇ. ಮೆಟ್ಟಿಲಿನ ಸಮತಟ್ಟಾದ ಭಾಗದಲ್ಲಿ ಗ್ರಾಫೈಟಿನೊಳಗೆ ಎರಡು ಪ್ರಾವಸ್ಥೆಗಳು ಜೊತೆಯಾಗಿವೆ: ಒಂದರಲ್ಲಿ ಲಿಥಿಯಮ್ ಕಡಿಮೆ, ಮತ್ತೊಂದರಲ್ಲಿ ಹೆಚ್ಚು. ಹೊಸದಾಗಿ ಬಂದ ಲಿಥಿಯಮ್ ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುತ್ತದೆ. ಏಳೂವರೆ ಗಂಟೆಯಲ್ಲಿ ನಾವು ಪ್ರಯೋಗವನ್ನು ನಿಲ್ಲಿಸಿದೆವೆನ್ನಿ. ಆಗ ಗ್ರಾಫೈಟಿನಲ್ಲಿ ಎಲ್ಲ ಕಡೆಯೂ ಮುಕ್ಕಾಲು ಭಾಗ ತುಂಬಿದ ಒಂದೇ ವಸ್ತುವು ದೊರೆಯುವುದಿಲ್ಲ. ಅರ್ಧದಷ್ಟು ಇಂಗಾಲವು LiC₁₂ ಆಗಿಯೂ ಉಳಿದರ್ಧವು LiC₆ ಆಗಿಯೂ ಇರುತ್ತದೆ.

ರಸಾಯನವಿಜ್ಞಾನವನ್ನು ಕಾಲೇಜಿನಲ್ಲಿ ಓದುವವರು ಗಿಬ್ಸನ ಪ್ರಾವಸ್ಥಾ ನಿಯಮವನ್ನು ಇಲ್ಲಿ ನೆನೆದುಕೊಳ್ಳಬಹುದು. ಲಿಥಿಯಮ್ ಮತ್ತು ಇಂಗಾಲ ಎಂಬ ಎರಡು ಘಟಕಗಳು. ಉಷ್ಣತೆ ಮತ್ತು ಒತ್ತಡಗಳನ್ನು ನಾವೇ ಸ್ಥಿರವಾಗಿ ಹಿಡಿದಿದ್ದೇವೆ. ಎರಡು ಪ್ರಾವಸ್ಥೆಗಳು ಜೊತೆಗಿದ್ದಾಗ ಬದಲಾಗಲು ಸ್ವಾತಂತ್ರ್ಯವೇ ಉಳಿಯುವುದಿಲ್ಲ, ವಿಭವ ನಿಲ್ಲಲೇಬೇಕು. ಒಂದೇ ಪ್ರಾವಸ್ಥೆಯಿದ್ದಾಗ ಒಂದು ಸ್ವಾತಂತ್ರ್ಯ ಉಳಿದಿರುತ್ತದೆ. ಆಗ ಲಿಥಿಯಮಿನ ಪ್ರಮಾಣದೊಡನೆ ವಿಭವವೂ ಜಾರುತ್ತದೆ. ಸಮತಟ್ಟು ಎಂದರೆ ಎರಡು, ಇಳಿಜಾರು ಎಂದರೆ ಒಂದು. ಮೆಟ್ಟಿಲಿನ ಎರಡು ತುದಿಗಳು ಯಾವ ಪ್ರಮಾಣದಲ್ಲಿ ಬಂದವೋ ಅವೇ ಆ ಎರಡು ಪ್ರಾವಸ್ಥೆಗಳ ಘಟನೆ. ಇಷ್ಟನ್ನು ವೋಲ್ಟ್ ಮಾಪಕ ಮತ್ತು ಗಡಿಯಾರಗಳೇ ತಿಳಿಸುತ್ತವೆ. ಆ ಪ್ರಾವಸ್ಥೆಗಳಲ್ಲಿ ಪರಮಾಣುಗಳು ಹೇಗೆ ಕುಳಿತಿವೆ ಎಂಬುದನ್ನು ಮಾತ್ರ ಅವು ಹೇಳಲಾರವು. ಅದಕ್ಕೆ ಕ್ಷ-ಕಿರಣಗಳ ಸಹಾಯ ಬೇಕು.

ಗ್ರಾಫೈಟಿನ ರಚನೆ ಒಂದರ ಮೇಲೊಂದು ಜೋಡಿಸಿದ ವೀಳ್ಯದೆಲೆಯ ಕಟ್ಟನ್ನು ಹೋಲುತ್ತದೆ. ಪ್ರತಿಯೊಂದು ಎಲೆಯೂ ಒಂದೇ ಪರಮಾಣುವಿನಷ್ಟು ದಪ್ಪವಾದ ಪದರ. ಅದರಲ್ಲಿ ಇಂಗಾಲದ ಪರಮಾಣುಗಳು ಜೇನುಗೂಡಿನ ಷಟ್ಕೋನಗಳಂತೆ ಬಲವಾಗಿ ಹೆಣೆದುಕೊಂಡಿವೆ. ಪದರಕ್ಕೂ ಪದರಕ್ಕೂ ನಡುವೆ ಇರುವ ಬಂಧವಾದರೋ ಬಹಳ ದುರ್ಬಲ. ಅವುಗಳ ಅಂತರ 3.35 ಆಂಗ್‌ಸ್ಟ್ರಮ್. ಲಿಥಿಯಮ್ ಈ ಸಂದುಗಳಲ್ಲಿ ನುಸುಳುತ್ತದೆ. ಅದು ಸೇರಿದ ಸಂದು ಸ್ವಲ್ಪ ತೆರೆದುಕೊಂಡು 3.70 ಆಂಗ್‌ಸ್ಟ್ರಮಿನಷ್ಟಾಗುತ್ತದೆ. ಹೀಗೆ ಗ್ರಾಫೈಟು ಪೂರ್ಣವಾಗಿ ತುಂಬಿದಾಗ ನೂರಕ್ಕೆ ಹತ್ತರಷ್ಟು ಉಬ್ಬುತ್ತದೆ.

ಆರಕ್ಕೆ ಒಂದು ಎಂಬ ಮಿತಿ ಎಲ್ಲಿಂದ ಬಂತು? ಲಿಥಿಯಮ್ ಷಟ್ಕೋನದ ನಡುಮಧ್ಯಕ್ಕೆ ನೇರವಾಗಿ ಕುಳಿತುಕೊಳ್ಳುತ್ತದೆ. ಅಕ್ಕಪಕ್ಕದ ಎರಡು ಷಟ್ಕೋನಗಳ ಕೇಂದ್ರಗಳ ನಡುವಣ ದೂರ 2.46 ಆಂಗ್‌ಸ್ಟ್ರಮ್ ಮಾತ್ರ. ಒಂದೇ ಬಗೆಯ ವಿದ್ಯುದಾವೇಶವುಳ್ಳ ಎರಡು ಅಯಾನುಗಳು ಅಷ್ಟು ಹತ್ತಿರ ಇರಲು ಒಪ್ಪುವುದಿಲ್ಲ. ಒಂದು ಷಟ್ಕೋನ ತುಂಬಿದರೆ ಅದರ ನೆರೆಯ ಆರೂ ಖಾಲಿಯಾಗಿರಬೇಕು. ಹೀಗೆ ಜೋಡಿಸುತ್ತ ಹೋದರೆ ಮೂರು ಷಟ್ಕೋನಗಳಿಗೆ ಒಂದು ಮಾತ್ರ ತುಂಬಬಹುದು. ವಾಚಕರು ಕಾಗದದ ಮೇಲೆ ಜೇನುಗೂಡನ್ನು ಬರೆದು ಚುಕ್ಕೆಗಳನ್ನಿಟ್ಟು ಇದನ್ನು ಪರೀಕ್ಷಿಸಬಹುದು. ಒಂದು ಷಟ್ಕೋನದ ಪಾಲಿಗೆ ಬರುವ ಇಂಗಾಲ ಪರಮಾಣುಗಳು ಎರಡು, ಮೂರಕ್ಕೆ ಆರು. ಆದುದರಿಂದ LiC₆.

ಹಾಗಾದರೆ ಅರ್ಧ ತುಂಬಿದ LiC₁₂ ಎಂತಹುದು? ಎಲ್ಲ ಸಂದುಗಳೂ ಅರ್ಧರ್ಧ ತುಂಬಿವೆಯೆಂದು ಭಾವಿಸುವುದು ಸಹಜ. ಕ್ಷ-ಕಿರಣಗಳು ಬೇರೆಯದನ್ನೇ ತೋರಿಸುತ್ತವೆ. ಈ ಸಂಯುಕ್ತದಿಂದ ಚದರಿದ ಕಿರಣಗಳಲ್ಲಿ, 7.05 ಆಂಗ್‌ಸ್ಟ್ರಮಿಗೊಮ್ಮೆ ರಚನೆಯು ಪುನರಾವರ್ತಿಸುತ್ತದೆಂಬುದಕ್ಕೆ ಸಾಕ್ಷಿಯಾದ ಹೊಸ ರೇಖೆಯೊಂದು ಕಾಣುತ್ತದೆ. ಈ ಸಂಖ್ಯೆಯನ್ನು ಒಡೆದು ನೋಡಿ: 3.70 ಮತ್ತು 3.35 ಕೂಡಿದರೆ 7.05. ಅಂದರೆ ತುಂಬಿದ ಸಂದು ಒಂದು, ಖಾಲಿಯಾದ ಸಂದು ಒಂದು. ಪುನಃ ತುಂಬಿದುದು, ಪುನಃ ಖಾಲಿ. ತುಂಬಿದ ಸಂದಿನಲ್ಲಿ ಲಿಥಿಯಮ್ ಆಗಲೇ ತನ್ನ ಪೂರ್ಣ ಸಾಂದ್ರತೆಯನ್ನು ಮುಟ್ಟಿದೆ. ಖಾಲಿ ಸಂದು ಮೂಲ ಗ್ರಾಫೈಟಿನಂತೆಯೇ ಮುಚ್ಚಿಕೊಂಡಿದೆ. ಎರಡು ಸಂದಿಗೆ ಒಂದರಂತೆ ತುಂಬಿರುವುದರಿಂದ ಇದನ್ನು ಎರಡನೆಯ ಘಟ್ಟವೆಂದೂ, ಎಲ್ಲ ಸಂದುಗಳೂ ತುಂಬಿದ LiC₆ ಅನ್ನು ಒಂದನೆಯ ಘಟ್ಟವೆಂದೂ ಕರೆಯುತ್ತಾರೆ. ಮೂರಕ್ಕೊಂದು, ನಾಲ್ಕಕ್ಕೊಂದು ಸಂದು ತುಂಬಿದ ಘಟ್ಟಗಳೂ ಉಂಟು. ಘಟ್ಟದ ಸಂಖ್ಯೆ ಹೆಚ್ಚಿದಷ್ಟೂ ಲಿಥಿಯಮ್ ಕಡಿಮೆ ಎಂಬುದು ಮೊದಲ ಸಲ ಕೇಳುವವರನ್ನು ಸ್ವಲ್ಪ ತಬ್ಬಿಬ್ಬುಗೊಳಿಸುವ ವಿಷಯ. ಘಟ್ಟಗಳ ಈ ಕಲ್ಪನೆ ವಿದ್ಯುತ್ಕೋಶಗಳಿಗಿಂತ ಹಳೆಯದು. ಗ್ರಾಫೈಟಿನ ಸಂದುಗಳಲ್ಲಿ ಆಮ್ಲಗಳು ಸೇರುವುದನ್ನು ಪರಿಶೀಲಿಸಿದ ಜರ್ಮನಿಯ ರ‍್ಯೂಡಾರ್ಫ್ ಮತ್ತು ಹಾಫ್‌ಮನ್ 1938ರಲ್ಲಿಯೇ ಇದನ್ನು ವಿವರಿಸಿದ್ದರು. ಚಾರ್ಜಾಗುತ್ತಿರುವ ಕೋಶದ ಮೇಲೆಯೇ ಕ್ಷ-ಕಿರಣಗಳನ್ನು ಹಾಯಿಸಿ, ವಿಭವದ ಯಾವ ಮೆಟ್ಟಿಲು ಯಾವ ಎರಡು ಘಟ್ಟಗಳಿಗೆ ಸೇರಿದುದೆಂದು ಒಂದೊಂದಾಗಿ ಗುರುತಿಸಿದ ಕೆಲಸವನ್ನು ಕೆನಡಾದ ಜೆಫ್ ಡಾನ್ 1991ರಲ್ಲಿ ಪ್ರಕಟಿಸಿದನು.

ಲಿಥಿಯಮ್ ಹೀಗೆ ಕೆಲವು ಸಂದುಗಳಲ್ಲಿ ಕಿಕ್ಕಿರಿದು, ಕೆಲವನ್ನು ಬರಿದಾಗಿ ಬಿಡುವುದೇಕೆ? ಇಲ್ಲಿ ಎರಡು ಪ್ರವೃತ್ತಿಗಳ ಪೈಪೋಟಿಯಿದೆ. ವೀಳ್ಯದೆಲೆಯ ಕಟ್ಟಿಗೇ ಹಿಂದಿರುಗೋಣ. ಒತ್ತಿ ಕಟ್ಟಿದ ಎರಡು ಎಲೆಗಳ ನಡುವೆ ಮೊದಲನೆಯ ಅಡಕೆಯ ಚೂರನ್ನು ತೂರಿಸುವುದು ಕಷ್ಟ, ಎಲೆಗಳನ್ನು ಬಿಡಿಸಬೇಕು. ಒಮ್ಮೆ ಬಿಡಿಸಿದ ಮೇಲೆ ಅದರ ಪಕ್ಕದಲ್ಲಿಯೇ ಇನ್ನೊಂದು ಚೂರನ್ನು ಇಡುವುದು ಸುಲಭ. ಪ್ರತಿಯೊಂದು ಚೂರಿಗೂ ಹೊಸ ಸಂದನ್ನೇ ಬಿಡಿಸುತ್ತ ಹೋಗುವುದಕ್ಕಿಂತ ತೆರೆದ ಸಂದನ್ನು ತುಂಬಿಸುವುದೇ ಮಿತವ್ಯಯ. ಆದುದರಿಂದ ಒಂದೇ ಸಂದಿನಲ್ಲಿರುವ ಲಿಥಿಯಮ್‌ಗಳು, ತೀರ ಪಕ್ಕದ ಷಟ್ಕೋನಗಳನ್ನು ಬಿಟ್ಟರೆ, ಪರಸ್ಪರ ಆಕರ್ಷಿಸುವಂತೆ ವರ್ತಿಸುತ್ತವೆ. ಆದರೆ ಮೇಲಿನ ಅಥವಾ ಕೆಳಗಿನ ಸಂದಿನಲ್ಲಿರುವ ಅಯಾನುಗಳನ್ನು ಅವು ವಿಕರ್ಷಿಸುತ್ತವೆ. ಎರಡು ತುಂಬಿದ ಸಂದುಗಳು ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದು. ಈ ಎರಡನ್ನೂ ತೃಪ್ತಿಪಡಿಸುವ ಜೋಡಣೆಯೇ ಘಟ್ಟಗಳು.

ಮೂರನೆಯದಾಗಿ ಉಷ್ಣದಿಂದುಂಟಾಗುವ ಅಲೆದಾಟವೂ ಇದೆ. ನಮ್ಮ ಕೋಣೆಯ ಉಷ್ಣತೆಯಲ್ಲಿ ಅದರ ಅಳತೆ 0.025 ಎಲೆಕ್ಟ್ರಾನ್-ವೋಲ್ಟು. ಕಡೆಯ ಎರಡು ಮೆಟ್ಟಿಲುಗಳ ನಡುವಣ ವ್ಯತ್ಯಾಸವೇ 0.035 ವೋಲ್ಟು ಆಗಿರುವಾಗ ಇದನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ. ಲಿಥಿಯಮ್ ವಿರಳವಾಗಿರುವ ಆರಂಭದಲ್ಲಿ ಈ ಅಲೆದಾಟದ್ದೇ ಮೇಲುಗೈ. ಅಯಾನುಗಳು ಎಲ್ಲ ಸಂದುಗಳಲ್ಲಿಯೂ ಚೆಲ್ಲಾಡಿದಂತೆ ಹರಡಿರುತ್ತವೆ. ಆಗ ಒಂದೇ ಪ್ರಾವಸ್ಥೆ, ವಿಭವದಲ್ಲಿ ಇಳಿಜಾರು. 0.21 ವೋಲ್ಟಿನ ಮೆಟ್ಟಿಲಿನಲ್ಲಿ ಅವು ನಾಲ್ಕಕ್ಕೊಂದು ಸಂದಿನಂತೆ ಸೇರಲಾರಂಭಿಸುತ್ತವೆ. 0.12 ವೋಲ್ಟಿನ ಮೆಟ್ಟಿಲು ಇನ್ನೂ ಸ್ವಾರಸ್ಯಕರವಾದುದು. ಅದರ ಆರಂಭದಲ್ಲಿಯೂ ಕೊನೆಯಲ್ಲಿಯೂ ಇರುವುದು ಎರಡನೆಯ ಘಟ್ಟವೇ! ಎರಡರಲ್ಲಿಯೂ ಒಂದು ಬಿಟ್ಟು ಒಂದು ಸಂದು ತುಂಬಿದೆ. ಆದರೆ ಆರಂಭದಲ್ಲಿ ಸಂದಿನೊಳಗಿನ ಅಯಾನುಗಳು ದ್ರವದ ಅಣುಗಳಂತೆ ಅಡ್ಡಾದಿಡ್ಡಿಯಾಗಿ, ಸಡಿಲವಾಗಿ ಓಡಾಡಿಕೊಂಡಿರುತ್ತವೆ. ಕೊನೆಯಲ್ಲಿ ಮೂರು ಷಟ್ಕೋನಕ್ಕೊಂದರಂತೆ ಸಾಲುಗಟ್ಟಿ ನಿಲ್ಲುತ್ತವೆ. ಒಂದೇ ಪರಮಾಣುವಿನ ದಪ್ಪವಿರುವ ದ್ರವವು ಹೆಪ್ಪುಗಟ್ಟುವುದನ್ನೇ ನಾವು ವೋಲ್ಟ್ ಮಾಪಕದಲ್ಲಿ ನೋಡುತ್ತಿದ್ದೇವೆ ಎನ್ನಬಹುದು. ಮಂಜುಗಡ್ಡೆಯ ಹೋಲಿಕೆಯು ಇಲ್ಲಿ ಬರಿಯ ಹೋಲಿಕೆಯಾಗಿ ಉಳಿಯುವುದಿಲ್ಲ.

ಇಷ್ಟನ್ನು ಒಪ್ಪಿಕೊಂಡ ಕೂಡಲೆ ಒಂದು ತೊಡಕು ಎದುರಾಗುತ್ತದೆ. ನಮ್ಮ ದೃಷ್ಟಿಯಲ್ಲಿ ಇಡೀ ವಿಷಯದ ಅತ್ಯಂತ ಸುಂದರವಾದ ಭಾಗ ಇದೇ. ಮೂರನೆಯ ಘಟ್ಟವು ಎರಡನೆಯ ಘಟ್ಟವಾಗಬೇಕು ಎನ್ನೋಣ. ಸಂದುಗಳಿಗೆ ಕ್ರಮವಾಗಿ ಸಂಖ್ಯೆಗಳನ್ನು ಕೊಡುವುದಾದರೆ, ಮೂರನೆಯ ಘಟ್ಟದಲ್ಲಿ 1, 4, 7, 10 ಎಂಬ ಸಂದುಗಳು ತುಂಬಿರುತ್ತವೆ. ಎರಡನೆಯ ಘಟ್ಟದಲ್ಲಿ 1, 3, 5, 7, 9 ತುಂಬಿರಬೇಕು. ಹಾಗಾದರೆ 4 ಮತ್ತು 10ನೆಯ ಸಂದುಗಳು ತಮ್ಮಲ್ಲಿದ್ದ ಲಿಥಿಯಮನ್ನೆಲ್ಲ ಹೊರಗೆ ಕಳುಹಿಸಿ ಬರಿದಾಗಬೇಕು. ಇಂಗಾಲದ ಪದರವನ್ನು ತೂರಿಕೊಂಡು ಪಕ್ಕದ ಸಂದಿಗೆ ಹೋಗೋಣವೆಂದರೆ ಷಟ್ಕೋನದ ಕಿಂಡಿಯು ಬಹು ಕಿರಿದು. ಪದರವು ಎಲ್ಲಿಯಾದರೂ ಹರಿದಿದ್ದರೆ ಮಾತ್ರ ದಾರಿ. ಲಿಥಿಯಮ್ ಒಳಗೆ ಬರುತ್ತಿರುವಾಗಲೇ ತುಂಬಿದ ಸಂದುಗಳು ಸಂಪೂರ್ಣ ಬರಿದಾಗಬೇಕೆಂಬುದು ನಂಬುವ ಮಾತಲ್ಲ.

ಫ್ರಾನ್ಸಿನ ದೋಮಾ ಮತ್ತು ಹೆರೋಲ್ ಎಂಬುವರು 1969ರಲ್ಲಿ ಈ ಒಗಟನ್ನು ಬಿಡಿಸಿದರು. ಅವರ ಪ್ರಕಾರ, ಯಾವ ಸಂದೂ ಆದ್ಯಂತವಾಗಿ ಬರಿದೂ ಅಲ್ಲ, ತುಂಬಿಯೂ ಇಲ್ಲ. ಪ್ರತಿಯೊಂದು ಸಂದಿನಲ್ಲಿಯೂ ಲಿಥಿಯಮ್ ದ್ವೀಪಗಳಂತೆ ಗುಂಪು ಕೂಡಿರುತ್ತದೆ. ಒಂದು ಸಂದಿನ ದ್ವೀಪವು ಎಡಗಡೆಯಿದ್ದರೆ ಮುಂದಿನ ಸಂದಿನದು ನಡುವೆ, ಅದರ ಮುಂದಿನದು ಬಲಗಡೆ. ಯಾವುದೇ ಒಂದು ಜಾಗದಲ್ಲಿ ನಿಂತು ಮೇಲಿನಿಂದ ಕೆಳಕ್ಕೆ ಎಣಿಸಿದರೆ ಮೂರಕ್ಕೊಂದು ಸಂದು ತುಂಬಿರುವುದೇ ಕಾಣುತ್ತದೆ. ಆದರೆ ಒಟ್ಟಿನ ಮೇಲೆ ಎಲ್ಲ ಸಂದುಗಳಲ್ಲಿಯೂ ಸಮಪ್ರಮಾಣದ ಲಿಥಿಯಮ್ ಇರುತ್ತದೆ. ದ್ವೀಪದ ಅಂಚಿನಲ್ಲಿ ಇಂಗಾಲದ ಪದರವು ಸ್ವಲ್ಪ ಬಾಗಿ ಏರುತ್ತದೆ ಅಥವಾ ಇಳಿಯುತ್ತದೆ. ತೆಳುವಾದ ಎಲೆಗೆ ಅದು ಕಷ್ಟವಲ್ಲ. ಈಗ ಘಟ್ಟವು ಬದಲಾಗಬೇಕಾದರೆ ಯಾವ ಸಂದೂ ಬರಿದಾಗಬೇಕಾಗಿಲ್ಲ. ದ್ವೀಪಗಳು ತಮ್ಮ ತಮ್ಮ ಸಂದಿನಲ್ಲಿಯೇ ಸ್ವಲ್ಪ ಸರಿದು, ಸ್ವಲ್ಪ ಬೆಳೆದರೆ ಸಾಕು. ಎಲೆಗಳ ಸಾಲಿನಲ್ಲಿ ಒಂದು ಬಿಟ್ಟು ಒಂದು ಅಚ್ಚುಕಟ್ಟಾಗಿ ತುಂಬಿದ ಚಿತ್ರವನ್ನು ಪಠ್ಯಪುಸ್ತಕಗಳು ಇಂದಿಗೂ ಬರೆಯುತ್ತವೆ. ಅದು ಒಂದು ಸಣ್ಣ ಜಾಗದ ಚಿತ್ರವೆಂದು ತಿಳಿದರೆ ಸರಿ. ಇಡೀ ಕಣದ ಚಿತ್ರವೆಂದು ತಿಳಿಯಬಾರದು.

ಎರಡು ಪ್ರಾವಸ್ಥೆಗಳು ಜೊತೆಗಿರುವುದನ್ನು ಕಣ್ಣಿನಿಂದಲೇ ಕಾಣಬಹುದೆಂಬುದು ಗ್ರಾಫೈಟಿನ ವಿಶೇಷ. ಬರಿಯ ಗ್ರಾಫೈಟು ಬೂದುಗಪ್ಪು. ಲಿಥಿಯಮ್ ಸೇರುತ್ತ ಬಂದಂತೆ ಅದು ಕಡುನೀಲಿಯಾಗಿ, LiC₁₂ ಆದಾಗ ತಾಮ್ರಗೆಂಪಾಗಿ, LiC₆ ಆದಾಗ ಹೊನ್ನಿನಂತೆ ಹೊಳೆಯುತ್ತದೆ. ಗಾಜಿನ ಕಿಟಕಿಯುಳ್ಳ ಕೋಶವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಚಾರ್ಜು ಮಾಡಿದರೆ, ಕಡೆಯ ಮೆಟ್ಟಿಲಿನ ಉದ್ದಕ್ಕೂ ಕೆಂಪು ಜಾಗವನ್ನು ಹೊಂಬಣ್ಣವು ಆಕ್ರಮಿಸುತ್ತ ಹೋಗುತ್ತದೆ. ನಡುವೆ ಕಿತ್ತಳೆ ಬಣ್ಣದ ಸಮಮಿಶ್ರಣ ಬರುವುದಿಲ್ಲ. ಪ್ರವಾಹವನ್ನು ಹೆಚ್ಚಿಸಿದರೆ ಮತ್ತೊಂದು ಸಂಗತಿ ಕಾಣುತ್ತದೆ. ದ್ರವಕ್ಕೆ ಸಮೀಪದ ಕಣಗಳು ಹೊನ್ನಾಗಿರುವಾಗಲೇ ತಾಮ್ರದ ಹಾಳೆಯ ಪಕ್ಕದ ಕಣಗಳು ಇನ್ನೂ ನೀಲಿಯಾಗಿರುತ್ತವೆ. ಆಗ ವೋಲ್ಟ್ ಮಾಪಕವು ಎಲ್ಲ ಘಟ್ಟಗಳ ಬೆರಕೆಯನ್ನು ತೋರಿಸುವುದರಿಂದ ಮೆಟ್ಟಿಲುಗಳು ಸವೆದು ಇಳಿಜಾರಿನಂತಾಗುತ್ತವೆ. ಮೆಟ್ಟಿಲುಗಳನ್ನು ಸ್ಪಷ್ಟವಾಗಿ ನೋಡಬಯಸುವವರು ಹತ್ತು ಗಂಟೆಗಿಂತಲೂ ನಿಧಾನವಾಗಿ ಚಾರ್ಜು ಮಾಡುವುದು ಇದಕ್ಕಾಗಿಯೇ. ಇಂಗಾಲವೇ ಆದರೂ ಪದರಗಳು ಕ್ರಮವಾಗಿ ಜೋಡಿಸಿಕೊಳ್ಳದ ಕೋಕಿನಲ್ಲಿ ಎಷ್ಟು ನಿಧಾನಿಸಿದರೂ ಮೆಟ್ಟಿಲುಗಳು ಕಾಣುವುದಿಲ್ಲ. ಅಲ್ಲಿ ವಿಭವ ಸುಮ್ಮನೆ ಜಾರುತ್ತದೆ. ಮೆಟ್ಟಿಲುಗಳಿಗೆ ಪದರಗಳ ಕ್ರಮಬದ್ಧವಾದ ಜೋಡಣೆಯೇ ಆಧಾರವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಇದುವರೆಗೆ ನಾವು ಲಿಥಿಯಮ್ ಲೋಹದ ಎದುರಿಗಿಟ್ಟ ಗ್ರಾಫೈಟನ್ನು ಕುರಿತು ಹೇಳಿದೆವು. ಬಳಕೆಯ ಕೋಶದಲ್ಲಿ ಎದುರಿಗಿರುವುದು ಧನಧ್ರುವ. ಅದರ ವಿಭವವೂ ಏರಿಳಿಯುವುದರಿಂದ ಗ್ರಾಫೈಟಿನ ಮೆಟ್ಟಿಲುಗಳು ಸಾಮಾನ್ಯವಾಗಿ ಅದರಲ್ಲಿ ಮುಳುಗಿಹೋಗುತ್ತವೆ. ಧನಧ್ರುವವು ಲಿಥಿಯಮ್ ಕಬ್ಬಿಣ ಫಾಸ್ಫೇಟಿನದಾದರೆ ಮಾತ್ರ ನಮ್ಮ ಅದೃಷ್ಟ. ಆ ವಸ್ತುವಿನಲ್ಲಿಯೂ ಎರಡು ಪ್ರಾವಸ್ಥೆಗಳು ಜೊತೆಗಿದ್ದು, ವಿಭವವು ಸುಮಾರು 3.43 ವೋಲ್ಟಿನಲ್ಲಿ ನೆಟ್ಟಗೆ ನಿಂತಿರುತ್ತದೆ. ಗ್ರಾಫೈಟು 0.12ರಿಂದ 0.085ಕ್ಕೆ ಇಳಿದಾಗ ಕೋಶದ ವೋಲ್ಟು 35 ಮಿಲಿವೋಲ್ಟಿನಷ್ಟು ಮೇಲಕ್ಕೇರಿ ತನ್ನ ಸುಳಿವನ್ನು ಕೊಡುತ್ತದೆ. ಆ ಕ್ಷಣದಲ್ಲಿ ಗ್ರಾಫೈಟು ಸರಿಯಾಗಿ ಅರ್ಧ ತುಂಬಿದೆಯೆಂದು ನಮಗೆ ಗೊತ್ತು. ಕೋಶವನ್ನು ಬಿಚ್ಚದೆಯೇ ಒಳಗಿನ ಆರೋಗ್ಯವನ್ನು ತಿಳಿಯಲು ಇದೊಂದು ಗುರುತಿನ ಕಲ್ಲಾಗುತ್ತದೆ.

ಲೆಕ್ಕವೊಂದನ್ನು ಮಾಡಿ ನೋಡೋಣ. 100 ಮಿಲಿಆಂಪಿಯರ್-ಗಂಟೆ ಹಿಡಿಯಬಲ್ಲ ಗ್ರಾಫೈಟು ಇರುವ ಹೊಸ ಕೋಶವೊಂದಿದೆ ಎನ್ನೋಣ. ಪೂರ್ಣ ಚಾರ್ಜಿನಲ್ಲಿ ಅದಕ್ಕೆ ಬಂದು ಸೇರುವ ಲಿಥಿಯಮ್ 80ರಷ್ಟು ಮಾತ್ರ. ಗ್ರಾಫೈಟನ್ನು ತುಸು ಹೆಚ್ಚಾಗಿಯೇ ಇಡುವುದು ತಯಾರಕರ ಪದ್ಧತಿ. ಖಾಲಿ ಕೋಶವನ್ನು ಚಾರ್ಜು ಮಾಡುವಾಗ 50 ಸೇರಿದ ಮೇಲೆ ಏರಿಕೆ ಬರುತ್ತದೆ. ಅದಾದ ಮೇಲೆ 30 ಸೇರಿ ಕೋಶ ತುಂಬುತ್ತದೆ. ಎರಡು ವರ್ಷಗಳ ಬಳಕೆಯ ಅನಂತರ ಅದನ್ನೇ ಅಳೆದಾಗ ಏರಿಕೆಯವರೆಗೆ 50, ಆಮೇಲೆ 22 ಎಂದು ಬಂದರೆ ನಾವು ಏನೆಂದು ತಿಳಿಯಬೇಕು? ಗ್ರಾಫೈಟಿನ ಅರ್ಧಭಾಗ ಮೊದಲಿನಷ್ಟೇ ಇರುವುದರಿಂದ ಗ್ರಾಫೈಟು ಕ್ಷೇಮವಾಗಿದೆ. ಓಡಾಡಬೇಕಾದ ಲಿಥಿಯಮಿನಲ್ಲಿಯೇ 8 ಕಳೆದುಹೋಗಿದೆ. ಹಾಗಲ್ಲದೆ ಏರಿಕೆಯವರೆಗೆ 45, ಆಮೇಲೆ 35 ಎಂದು ಬಂದರೆ ಒಟ್ಟು 80 ಮೊದಲಿನಂತೆಯೇ ಇದ್ದು, ಬಳಸುವವನಿಗೆ ಯಾವ ಕೊರತೆಯೂ ಕಾಣುವುದಿಲ್ಲ. ಆದರೆ ಗ್ರಾಫೈಟಿನ ಕಣಗಳಲ್ಲಿ ಹತ್ತರಲ್ಲೊಂದು ಪಾಲು ಸಂಪರ್ಕ ತಪ್ಪಿ ನಿರುಪಯುಕ್ತವಾಗಿದೆ. ಉಳಿದ 90ರಲ್ಲಿ 80 ತುಂಬಬೇಕಾಗಿರುವುದರಿಂದ ಇನ್ನು ಮೇಲೆ ಅದರ ಮೇಲಿನ ಹೊರೆ ಹೆಚ್ಚು. ಮೊದಲನೆಯ ಬಗೆಯ ನಷ್ಟವು ಸ್ವಲ್ಪಮಟ್ಟಿಗೆ ಎಲ್ಲ ಕೋಶಗಳಲ್ಲಿಯೂ ಸಹಜ. ಮೊದಲ ಚಾರ್ಜಿನಲ್ಲಿಯೇ ವಿದ್ಯುದ್ವಿಭಾಜ್ಯವು ಗ್ರಾಫೈಟಿನ ಮೈಮೇಲೆ ಒಡೆದು, ಕೊಂಚ ಲಿಥಿಯಮನ್ನು ಹಿಡಿದಿಟ್ಟುಕೊಂಡು, ರಕ್ಷಕವಾದ ಪೊರೆಯೊಂದನ್ನು ಕಟ್ಟುತ್ತದೆ. ಆಗ 0.8 ವೋಲ್ಟಿನ ಸುಮಾರಿನಲ್ಲಿ ಚಿಕ್ಕದೊಂದು ತಂಗುವಿಕೆ ಕಾಣುವುದುಂಟು. ಅದನ್ನು ಘಟ್ಟಗಳ ಮೆಟ್ಟಿಲೆಂದು ಭ್ರಮಿಸಬಾರದು. ಎರಡನೆಯ ಚಾರ್ಜಿನಲ್ಲಿ ಅದು ಮರುಕಳಿಸುವುದಿಲ್ಲ. ಘಟ್ಟಗಳ ಮೆಟ್ಟಿಲುಗಳು ಪ್ರತಿ ಸಲವೂ ಬರುತ್ತವೆ.

ಇನ್ನು ಕಡೆಯ ಮೆಟ್ಟಿಲಿನ ಎತ್ತರದಲ್ಲಿ ಅಡಗಿರುವ ಅಪಾಯವನ್ನು ನೋಡಬೇಕು. ಗ್ರಾಫೈಟು ತನ್ನ ಅರ್ಧದಷ್ಟು ಲಿಥಿಯಮನ್ನು ಪಡೆಯುವುದು 0.085 ವೋಲ್ಟಿನಲ್ಲಿ. ಅಲ್ಲಿಂದ ಲೋಹದ ಸೊನ್ನೆಗೆ ಇರುವ ಅಂತರ 85 ಮಿಲಿವೋಲ್ಟು ಮಾತ್ರ. ಮೇಲೆ ಹೇಳಿದ ಸಂಖ್ಯೆಗಳೆಲ್ಲವೂ ನಿಧಾನವಾಗಿ ಚಾರ್ಜು ಮಾಡಿದಾಗಿನವು. ಬೇಗ ಚಾರ್ಜು ಮಾಡಬೇಕಾದರೆ ಅಯಾನುಗಳನ್ನು ದ್ರವದ ಮೂಲಕ ಓಡಿಸುವುದಕ್ಕೆ, ಪೊರೆಯನ್ನು ದಾಟಿಸುವುದಕ್ಕೆ, ಸಂದುಗಳ ಒಳಕ್ಕೆ ತಳ್ಳುವುದಕ್ಕೆ ಇನ್ನಷ್ಟು ವೋಲ್ಟನ್ನು ವೆಚ್ಚ ಮಾಡಬೇಕಾಗುತ್ತದೆ. ಚಳಿ ಹೆಚ್ಚಿದಾಗ ಈ ಮೂರು ಕೆಲಸಗಳೂ ನಿಧಾನವಾಗಿ, ವೆಚ್ಚ ಮತ್ತೂ ಹೆಚ್ಚುತ್ತದೆ. ಅದು 85 ಮಿಲಿವೋಲ್ಟನ್ನು ಮೀರಿದರೆ ಗ್ರಾಫೈಟಿನ ಮೇಲ್ಮೈಯ ವಿಭವವು ಸೊನ್ನೆಗಿಂತ ಕೆಳಗಿಳಿಯುತ್ತದೆ. ಆಗ ಲಿಥಿಯಮಿಗೆ ಸಂದನ್ನು ಹುಡುಕುವ ಅಗತ್ಯವೇ ಇಲ್ಲ; ಮೈಮೇಲೆಯೇ ಲೋಹವಾಗಿ ಕಟ್ಟಿಕೊಳ್ಳಬಹುದು. ಆ ಲೋಹವು ಪಾಚಿಯಂತೆಯೋ ಸೂಜಿಗಳಂತೆಯೋ ಬೆಳೆದು ನಡುವಣ ಹಾಳೆಯನ್ನು ಚುಚ್ಚಿ ಆಚೆಯ ಧ್ರುವವನ್ನು ಮುಟ್ಟಿದರೆ ಕೋಶವು ಹೊತ್ತಿಕೊಳ್ಳಲೂ ಬಹುದು. ಕೊರೆಯುವ ಚಳಿಯಲ್ಲಿ ಮೋಟಾರು ವಾಹನಗಳ ಕೋಶಗಳನ್ನು ಬೆಚ್ಚಗೆ ಮಾಡಿಯೇ ವೇಗವಾಗಿ ಚಾರ್ಜು ಮಾಡುವುದು ಈ ಕಾರಣದಿಂದ.

ಹೀಗೆ ಲೋಹ ಕಟ್ಟಿಕೊಂಡಿದೆಯೋ ಇಲ್ಲವೋ ಎಂಬುದನ್ನು ಸಹ ಒಂದು ಮೆಟ್ಟಿಲೇ ತಿಳಿಸುತ್ತದೆ. ಚಾರ್ಜು ನಿಲ್ಲಿಸಿ ಕೋಶವನ್ನು ಸುಮ್ಮನೆ ಬಿಟ್ಟರೆ ಅದರ ವೋಲ್ಟು ಕ್ರಮೇಣ ಇಳಿದು ನೆಲೆಗೊಳ್ಳಬೇಕು. ಮೇಲ್ಮೈಯಲ್ಲಿ ಲೋಹವಿದ್ದರೆ ಅದು ಮೆಲ್ಲಮೆಲ್ಲನೆ ಕರಗಿ, ಖಾಲಿಯಾಗಿ ಉಳಿದ ಸಂದುಗಳನ್ನು ಸೇರತೊಡಗುತ್ತದೆ. ಲೋಹ ಮುಗಿಯುವವರೆಗೆ ಗ್ರಾಫೈಟಿನ ವಿಭವವು ಸೊನ್ನೆಯ ಸಮೀಪದಲ್ಲಿಯೇ ನಿಲ್ಲುತ್ತದೆ. ಏಕೆಂದರೆ ಅಲ್ಲಿ ಲೋಹ ಮತ್ತು ಲಿಥಿಯಮ್ ಹೊತ್ತ ಗ್ರಾಫೈಟು ಎಂಬ ಎರಡು ಪ್ರಾವಸ್ಥೆಗಳು ಜೊತೆಗಿವೆ. ಕೋಶದ ವೋಲ್ಟಿನ ಇಳಿತದಲ್ಲಿ ಇದು ಭುಜದಂತಹ ಒಂದು ಉಬ್ಬಾಗಿ ಕಾಣುತ್ತದೆ. ಲೋಹ ಮುಗಿದೊಡನೆ ವೋಲ್ಟು ಮತ್ತೆ ಕೆಳಗಿಳಿಯುತ್ತದೆ. ಉಬ್ಬು ಎಷ್ಟು ಹೊತ್ತು ನಿಂತಿತೋ ಅದರಿಂದ ಲೋಹ ಎಷ್ಟಿತ್ತೆಂಬುದರ ಅಂದಾಜು ದೊರೆಯುತ್ತದೆ. ಸಂಪರ್ಕ ತಪ್ಪಿ ಕರಗದೆ ಉಳಿದ ಲೋಹದ ಚೂರುಗಳ ಸುಳಿವು ಮಾತ್ರ ಈ ಉಬ್ಬಿನಲ್ಲಿ ಸಿಕ್ಕುವುದಿಲ್ಲ. ಅವು ಮುಂದಿನ ಅಳತೆಯಲ್ಲಿ, ಏರಿಕೆಯ ಆಚೆಗಿನ 30 ಎಂಬುದು 29 ಆಗಿ, 28 ಆಗಿ ಕುಗ್ಗುವುದರಲ್ಲಿ ಕಾಣಿಸಿಕೊಳ್ಳುತ್ತವೆ.